ಬಳೆಗಾರ ಗುಂಡು ಮತ್ತು 21ನೇ ಬಿಟ್

ಜಟಿಂಗ ರಾಮೇಶ್ವರ ಬೆಟ್ಟದ ಮೇಲೆ ಅಶೋಕನ ಶಾಸನ ಇರೋ ಬಂಡೆಯನ್ನ ಊರಿನವರು ಕರೀತಿದ್ದದ್ದು ಬಳೆಗಾರ ಗುಂಡು ಅಂತ. ಜಾತ್ರೆಯಲ್ಲಿ ಬಳೆ ಮಾರೋರು ಅಲ್ಲೇ ಅಂಗಡಿ ಹಾಕ್ತಿದ್ದರಂತೆ. 1892ರಲ್ಲಿ ಬಿ.ಎಲ್. ರೈಸ್ ಈ ಶಾಸನವನ್ನೂ, ಹತ್ತಿರದ ಬ್ರಹ್ಮಗಿರಿ ಮತ್ತು ಸಿದ್ದಾಪುರದ ಶಾಸನಗಳನ್ನೂ ಗುರುತಿಸಿದರು. ಮೂರರಲ್ಲೂ ಇರೋದು ಹೆಚ್ಚುಕಡಿಮೆ ಒಂದೇ ಪಾಠ. ಜಟಿಂಗದ ಪ್ರತಿ ಮಾತ್ರ ತುಂಬಾ ಸವೆದುಹೋಗಿದೆ. ಎದುರಿಗೆ ನಿಂತು ನೋಡಿದ್ರೆ ಅಕ್ಷರ ಯಾವುದು, ಕಲ್ಲಿನ ಗೀರು ಯಾವುದು ಅಂತಲೇ ಗೊತ್ತಾಗಲ್ಲ. ಅಂಥ ಕಡೆ ಓದುವವರು ಮಾಡೋದು ಒಂದೇ ಕೆಲಸ: ಬ್ರಹ್ಮಗಿರಿಯ ಪ್ರತಿಯಲ್ಲಿ ಅದೇ ಜಾಗದಲ್ಲಿ ಏನಿದೆ ಅಂತ ನೋಡೋದು.

ನಾನೂ ನನ್ನ ರೂಮ್‌ಮೇಟೂ ಅಲ್ಲಿಗೆ ಹೋಗಿದ್ದು ಆ ಬಂಡೆಯ 3ಡಿ ಮಾಡೆಲ್ ಮಾಡೋಕೆ. ಬಿಸಿಲು ಓರೆಯಾಗಿ ಬೀಳೋ ಹೊತ್ತಲ್ಲಿ ತೆಗೆದರೆ ಸವೆದ ಅಕ್ಷರದ ನೆರಳು ಸ್ವಲ್ಪ ಎದ್ದು ಕಾಣುತ್ತೆ ಅಂತ ಬೆಳಗ್ಗೆ ಬೇಗ ಹತ್ತಿ 214 ಫೋಟೋ ತೆಗೆದೆವು. ಸಂಜೆ ಮೊಳಕಾಲ್ಮೂರಲ್ಲಿ ನಮ್ಮ ಅತ್ತೆ ಮನೆಯಲ್ಲಿ ಕೂತು ಫೋಟೋಗಳನ್ನ ಲ್ಯಾಪ್‌ಟಾಪಿಗೆ ಕಾಪಿ ಮಾಡಿ, ಮಾರನೇ ದಿನದ ಬ್ರಹ್ಮಗಿರಿಗೆ ಜಾಗ ಬೇಕು ಅಂತ ಕಾರ್ಡ್ ಫಾರ್ಮ್ಯಾಟ್ ಮಾಡಿದೆ. (ಈ ವಾಕ್ಯ ಬರೆಯುವಾಗ ಈಗಲೂ ಹೊಟ್ಟೆ ಉರಿಯುತ್ತೆ.) ಮಾಡೆಲ್ ಕಟ್ಟೋ ಸಾಫ್ಟ್‌ವೇರ್ ಓಡಿಸಿ ಹತ್ತು ನಿಮಿಷ ಆಗಿರಲಿಲ್ಲ, ಪರದೆ ನೀಲಿ. ಅಳುಮುಖದ ಕೆಳಗೆ DRIVER_IRQL_NOT_LESS_OR_EQUAL, ಅದರ ಕೆಳಗೆ "What failed:" ಅಂತ ವೈಫೈ ಡ್ರೈವರಿನ ಫೈಲ್ ಹೆಸರು.

"ಡ್ರೈವರ್ ಅಂತ ಅದೇ ಹೇಳ್ತಿದೆಯಲ್ಲೋ, ಅಪ್‌ಡೇಟ್ ಮಾಡು" ಅಂದ ರೂಮ್‌ಮೇಟ್. ನನಗೂ ಹಾಗೇ ಅನ್ನಿಸಿತು. ಈ ಕೋಡಿನ ಅರ್ಥ ಇಷ್ಟು: ಪ್ರೊಸೆಸರ್‌ನಲ್ಲಿ ಕೆಲಸಗಳಿಗೆ ಐಆರ್‌ಕ್ಯೂಎಲ್ ಅನ್ನೋ ಮಟ್ಟ ಇರುತ್ತೆ. ಮಟ್ಟ 2 ಅಥವಾ ಅದಕ್ಕಿಂತ ಮೇಲೆ ಇದ್ದಾಗ ವಿಂಡೋಸ್‌ಗೆ "ಈ ಪೇಜ್ ಮೆಮೊರಿಯಲ್ಲಿ ಇಲ್ಲ, ಡಿಸ್ಕಿಂದ ತರ್ತೀನಿ ಇರು" ಅನ್ನೋಕೆ ಆಗಲ್ಲ. ಅಂಥ ಹೊತ್ತಲ್ಲಿ ಒಂದು ಡ್ರೈವರ್ ಮೆಮೊರಿಯಲ್ಲಿ ಇಲ್ಲದ ವಿಳಾಸವನ್ನ ಮುಟ್ಟಿದರೆ ಯಂತ್ರ ನಿಲ್ಲಲೇಬೇಕು. ಅಂದರೆ ಪರದೆ ಮೇಲೆ ಬರುವ ಹೆಸರು ತಪ್ಪು ವಿಳಾಸವನ್ನ ಮುಟ್ಟಿದವನದು. ಆ ತಪ್ಪು ವಿಳಾಸವನ್ನ ಅವನ ಕೈಗೆ ಕೊಟ್ಟವರು ಯಾರು ಅನ್ನೋದು ಅಲ್ಲಿ ಇರಲ್ಲ. ಈ ವ್ಯತ್ಯಾಸ ನನಗೆ ಆವತ್ತು ಹೊಳೆಯಲಿಲ್ಲ. ಡ್ರೈವರ್ ಅಪ್‌ಡೇಟ್ ಮಾಡಿ ಮಲಗಿದೆ.

ಹಾಸ್ಟೆಲ್‌ಗೆ ವಾಪಸ್ ಬಂದ ಮೇಲೆ ಮೂರು ದಿನದಲ್ಲಿ ಇನ್ನೆರಡು ಸಲ ನಿಂತಿತು. ಒಂದು ಸಲ PAGE_FAULT_IN_NONPAGED_AREA, ಕೆಳಗೆ Ntfs.sys. ಇನ್ನೊಂದು ಸಲ MEMORY_MANAGEMENT, ಯಾವ ಫೈಲ್ ಹೆಸರೂ ಇಲ್ಲ. ಆಗ ಮೇಲಿನ ಫ್ಲೋರಿನ ಸೀನಿಯರ್ ಅಣ್ಣ ಒಬ್ಬರು ಕೇಳಿದ್ದು, "ಪರದೆ ಫೋಟೋ ಬಿಡು, ಡಂಪ್ ಇದೆಯಾ?"

ಇತ್ತು. ವಿಂಡೋಸ್ ಹೀಗೆ ಸತ್ತಾಗ ಸಾಮಾನ್ಯವಾಗಿ C:\Windows\Minidump ಅನ್ನೋ ಫೋಲ್ಡರಲ್ಲಿ ಒಂದು ಚಿಕ್ಕ .dmp ಫೈಲ್ ಉಳಿಯುತ್ತೆ. ಅದರಲ್ಲಿ ಸ್ಟಾಪ್ ಕೋಡ್, ಅದರ ನಾಲ್ಕು ಪ್ಯಾರಾಮೀಟರ್, ಆ ಕ್ಷಣದ ರಿಜಿಸ್ಟರ್‌ಗಳು, ಸ್ಟ್ಯಾಕ್ ಎಲ್ಲ ಇರುತ್ತೆ. ಅದನ್ನ ಡೆಸ್ಕ್‌ಟಾಪಿಗೆ ಕಾಪಿ ಮಾಡಿ, ಮೈಕ್ರೋಸಾಫ್ಟ್ ಸ್ಟೋರಲ್ಲಿ ಉಚಿತವಾಗಿ ಸಿಗೋ WinDbg ನಲ್ಲಿ ತೆರೆದು `!analyze -v` ಅಂತ ಟೈಪ್ ಮಾಡಬೇಕು. ಮೊದಲ ಸಲ ಸಿಂಬಲ್ ಫೈಲ್‌ಗಳು ಇಳಿಯೋ ತನಕ ಕಾಯಬೇಕು, ನಮ್ಮ ಹಾಸ್ಟೆಲ್ ವೈಫೈನಲ್ಲಿ ಅದು ಒಂದು ಊಟದ ಸಮಯ.

ಅಣ್ಣ ಮೂರರಲ್ಲಿ ಕೊನೆಯದನ್ನೇ ಮೊದಲು ತೆರೆದರು.

```
MEMORY_MANAGEMENT (1a)
Arg1: 0000000000041792
Arg2: ffffd08001a3c6e8
Arg3: 0000000000200000
Arg4: 0000000000000000
```

1a ಅನ್ನೋದು ಒಂದು ದೊಡ್ಡ ಚೀಲ, ಮೆಮೊರಿ ನಿರ್ವಹಣೆಯಲ್ಲಿ ಏನು ಕೆಟ್ಟರೂ ಅದರೊಳಗೆ ಬೀಳುತ್ತೆ. ಏನು ಕೆಟ್ಟಿದೆ ಅನ್ನೋದು ಮೊದಲ ಪ್ಯಾರಾಮೀಟರ್‌ನಲ್ಲಿ. 41792 ಅಂದರೆ ಒಂದು ಪೇಜ್ ಟೇಬಲ್ ನಮೂದು ಹಾಳಾಗಿದೆ ಅಂತ. ಪ್ರೋಗ್ರಾಂ ಬಳಸೋ ವಿಳಾಸ RAMನಲ್ಲಿ ನಿಜವಾಗಿ ಎಲ್ಲಿದೆ ಅಂತ ಹೇಳೋ ಪಟ್ಟಿ ಪೇಜ್ ಟೇಬಲ್, ಅದರ ಒಂದೊಂದು ನಮೂದು 8 ಬೈಟ್. ಪ್ರೋಗ್ರಾಂ ಮುಚ್ಚಿದಾಗ ವಿಂಡೋಸ್ ಈ ಪಟ್ಟಿಯನ್ನ ಗುಡಿಸಿ ಹಾಕುತ್ತೆ. ಹಾಗೆ ಗುಡಿಸುವಾಗ, ಖಾಲಿ ಅಂದರೆ ಪೂರ್ತಿ ಸೊನ್ನೆ ಇರಬೇಕಾದ ಒಂದು ಜಾಗದಲ್ಲಿ ಏನೋ ಸಿಕ್ಕಿತು. ಎಲ್ಲಿ ಸಿಕ್ಕಿತು ಅನ್ನೋದು ಎರಡನೇ ಪ್ಯಾರಾಮೀಟರ್, ಏನು ಸಿಕ್ಕಿತು ಅನ್ನೋದು ಮೂರನೆಯದು.

"200000 ಹೆಕ್ಸ್. ಬೈನರಿಯಲ್ಲಿ ಬರಿ" ಅಂದರು. ಬರೆದೆ. ಒಂದೇ ಒಂದು 1, ಮಿಕ್ಕಿದ್ದೆಲ್ಲ ಸೊನ್ನೆ. ಸೊನ್ನೆಯಿಂದ ಎಣಿಸಿದರೆ 21ನೇ ಬಿಟ್. ಅದು ಅರ್ಥ ಇರೋ ನಮೂದೂ ಅಲ್ಲ, ಯಾಕಂದ್ರೆ ನಿಜವಾಗಿ ಬಳಕೆಯಲ್ಲಿರೋ ನಮೂದಿನ ಕೊನೆಯ ಬಿಟ್ 1 ಇರಬೇಕು. ತಪ್ಪು ಮಾಡೋ ಡ್ರೈವರ್ ಸಾಮಾನ್ಯವಾಗಿ ಬೇರೆಯವರ ಜಾಗದಲ್ಲಿ ಬೈಟ್‌ಗಟ್ಟಲೆ ಗೀಚುತ್ತೆ: ಒಂದು ಪಾಯಿಂಟರ್, ಒಂದು ತುಂಡು ಡೇಟಾ. ಸೊನ್ನೆಗಳ ಮಧ್ಯೆ ಒಂದೇ ಒಂದು ಬಿಟ್ ಎದ್ದು ನಿಂತಿದ್ದರೆ ಮೊದಲ ಅನುಮಾನ RAM ಮೇಲೆ. WinDbg ಕೂಡ MEMORY_CORRUPTION_ONE_BIT ಅಂತ ಪಟ್ಟಿ ಹಚ್ಚಿತ್ತು. ಅನುಮಾನ ಮಾತ್ರ, ಯಾಕಂದ್ರೆ ಒಂದೇ ಫ್ಲ್ಯಾಗ್ ಬಿಟ್ ಬದಲಿಸೋ ಡ್ರೈವರೂ ತಪ್ಪು ಜಾಗದಲ್ಲಿ ಅದನ್ನ ಮಾಡಬಹುದು.

ಆಗ ಅಣ್ಣ ಮೊದಲನೇ ಡಂಪಿಗೆ, ನಾನು ವೈಫೈ ಡ್ರೈವರ್ ತಲೆಗೆ ಕಟ್ಟಿದ್ದ ಆ ಬೆಟ್ಟದ ಸಂಜೆಗೆ, ವಾಪಸ್ ಹೋದರು. ಆ ಕೋಡಿನಲ್ಲಿ ಮೊದಲ ಪ್ಯಾರಾಮೀಟರ್ ಅಂದರೆ ಡ್ರೈವರ್ ಮುಟ್ಟಲು ಹೋದ ವಿಳಾಸ. ಅದೇ ವಸ್ತುವಿನ ವಿಳಾಸದ ಇನ್ನೊಂದು ಪ್ರತಿ ಸ್ಟ್ಯಾಕಿನಲ್ಲಿ ಉಳಿದಿತ್ತು. ಎರಡನ್ನೂ ಒಂದರ ಕೆಳಗೊಂದು ಬರೆದರು.

```
Arg1:   ffffa50c6a6e10f0
stack:  ffffa50c6a4e10f0
```

4 ಇರಬೇಕಾದ ಕಡೆ 6. 0100, 0110. ವ್ಯತ್ಯಾಸ ಸರಿಯಾಗಿ 200000 ಹೆಕ್ಸ್. ಅದೇ 21ನೇ ಬಿಟ್, ಇಲ್ಲೂ 0 ಹೋಗಿ 1 ಆಗಿದೆ. ಸವೆದ ಪ್ರತಿಯನ್ನ ಚೆನ್ನಾಗಿರೋ ಪ್ರತಿಯ ಪಕ್ಕ ಇಟ್ಟು ಓದೋದನ್ನ ನಾನು ನಾಲ್ಕು ದಿನ ಮುಂಚೆ ಬಂಡೆ ಮುಂದೆ ನಿಂತು ರೂಮ್‌ಮೇಟ್‌ಗೆ ದೊಡ್ಡದಾಗಿ ವಿವರಿಸಿದ್ದೆ. ಅವನು ನನ್ನ ಮುಖ ನೋಡಿ ನಕ್ಕ.

ವೈಫೈ ಡ್ರೈವರ್ ಪಾಪ ತನಗೆ ಸಿಕ್ಕ ವಿಳಾಸಕ್ಕೆ ಹೋಗಿತ್ತು. ಎರಡನೇ ಡಂಪಿನಲ್ಲಿ Ntfs.sys ಹೆಸರು ಬಂದಿದ್ದೂ ಬಹುಶಃ ಹಾಗೇ. ಅಲ್ಲಿ ಹೋಲಿಸೋಕೆ ಇನ್ನೊಂದು ಪ್ರತಿ ಸಿಗಲಿಲ್ಲ, ಹಾಗಾಗಿ ಖಚಿತವಾಗಿ ಹೇಳಲ್ಲ.

ಉಳಿದದ್ದು ಪರೀಕ್ಷೆ. ನನ್ನ ಲ್ಯಾಪ್‌ಟಾಪಿನಲ್ಲಿ ಮೊದಲಿಂದ ಇದ್ದ 8 ಜಿಬಿ ಜೊತೆಗೆ, ಈ ಮಾಡೆಲ್ ಕೆಲಸಕ್ಕೆ ಅಂತಲೇ ಅಪ್ಪನ ಹತ್ತಿರ ದುಡ್ಡು ಕೇಳಿ ಹಾಕಿಸಿದ್ದ ಇನ್ನೊಂದು 8 ಜಿಬಿ ಇತ್ತು. ವಿಂಡೋಸ್‌ನದೇ ಮೆಮೊರಿ ಟೆಸ್ಟ್ (`mdsched`) ಓಡಿಸಿದರೆ ಯಾವ ತೊಂದರೆಯೂ ಇಲ್ಲ ಅಂತು. ಅಲ್ಲಿಗೆ ನಿಲ್ಲಿಸೋರು ಬಹಳ ಜನ. ಆ ಟೆಸ್ಟ್ ಸಣ್ಣದು, ಸಿಕ್ಕಿದರೆ ಪುರಾವೆ, ಸಿಗದಿದ್ದರೆ ಪುರಾವೆ ಅಲ್ಲ. ಪೆನ್‌ಡ್ರೈವಿನಿಂದ MemTest86 ಬೂಟ್ ಮಾಡಿ ರಾತ್ರಿ ಪೂರ್ತಿ ನಾಲ್ಕು ಪಾಸ್ ಓಡಲು ಬಿಟ್ಟೆವು. ಮೊದಲ ಪಾಸ್ ಶುದ್ಧ. ಲ್ಯಾಪ್‌ಟಾಪ್ ಕಾದ ಮೇಲೆ ಎರಡನೇ ಪಾಸಿನಲ್ಲಿ ಕೆಂಪು ಸಾಲುಗಳು: ಬರಬೇಕಾದ್ದು 00000000, ಬಂದದ್ದು 00200000.

ಇಷ್ಟಾದರೂ ಕೆಟ್ಟಿರೋದು ಸ್ಟಿಕ್ಕೋ, ಅದು ಕೂತಿರೋ ಸ್ಲಾಟೋ ಗೊತ್ತಾಗಲ್ಲ. ಪವರ್ ತೆಗೆದು, ಬ್ಯಾಟರಿ ಕನೆಕ್ಟರ್ ಬಿಚ್ಚಿ, ಹಳೇ ಸ್ಟಿಕ್ ಒಂದನ್ನೇ ಹೊಸ ಸ್ಟಿಕ್ಕಿನ ಸ್ಲಾಟಿಗೆ ಹಾಕಿ ಓಡಿಸಿದೆವು. ಶುದ್ಧ. ಹೊಸ ಸ್ಟಿಕ್ ಒಂದನ್ನೇ ಹಳೇ ಸ್ಲಾಟಿಗೆ ಹಾಕಿದೆವು. ಮತ್ತೆ ಅದೇ ಬಿಟ್. ತಪ್ಪು ಸ್ಟಿಕ್ಕಿನ ಜೊತೆ ಪ್ರಯಾಣ ಮಾಡಿತು.

ಇದೇ ಕಥೆ ನಿಜವಾಗಿ ಡ್ರೈವರ್‌ದಾಗಿದ್ದರೆ ಡಂಪುಗಳು ಬೇರೆ ಥರ ಕಾಣ್ತಿದ್ದವು. ಪ್ರತಿ ಸಲ ಅದೇ ಕೋಡ್, ಅದೇ ಫೈಲ್, D1 ಆಗಿದ್ದರೆ ನಾಲ್ಕನೇ ಪ್ಯಾರಾಮೀಟರ್‌ನಲ್ಲಿ ಆ ಫೈಲಿನ ಒಳಗಿನ ಹೆಚ್ಚುಕಡಿಮೆ ಅದೇ ಜಾಗ, ಮತ್ತೆ ವೈಫೈ ಆನ್ ಮಾಡಿದಾಗಲೋ ಸ್ಲೀಪ್‌ನಿಂದ ಎದ್ದಾಗಲೋ ಅನ್ನೋ ಹಾಗೆ ಒಂದು ನಿಯಮಿತ ಸಂದರ್ಭ. ಗಮನಿಸಿ, ntkrnlmp.exe ಅಂತ ಬಂದರೆ ಅದನ್ನ ಅಪರಾಧಿ ಅಂದುಕೊಳ್ಳಬೇಡಿ. ಅದು ಕರ್ನಲ್, ಶವ ಕಂಡು ಕೂಗಿದವನು ಅಷ್ಟೇ. ಡ್ರೈವರ್ ಮೇಲೆ ಅನುಮಾನ ಗಟ್ಟಿ ಇದ್ದು ಕೈಗೆ ಸಿಗದಿದ್ದರೆ `verifier` ಇದೆ. ಅದು ಆಯ್ದ ಡ್ರೈವರ್‌ಗಳ ಪ್ರತಿ ಹೆಜ್ಜೆ ತಪಾಸಣೆ ಮಾಡಿ, ತಪ್ಪು ಮಾಡಿದ ಕ್ಷಣದಲ್ಲೇ ಯಂತ್ರವನ್ನ ಬೀಳಿಸುತ್ತೆ. ಬೂಟ್ ಆಗುವಾಗಲೇ ಬಿದ್ದರೆ ಸೇಫ್ ಮೋಡ್‌ಗೆ ಹೋಗಿ `verifier /reset` ಕೊಡಬೇಕಾಗುತ್ತೆ, ಹಾಗಾಗಿ ಇಂಟರ್ನಲ್ಸ್ ಹಿಂದಿನ ರಾತ್ರಿ ಆ ಸಾಹಸ ಬೇಡ.

ಸ್ಟಿಕ್ ಬದಲಾಯಿಸಿಕೊಟ್ಟರು. ಅಂಗಡಿಯವರು "ವಿಂಡೋಸ್ ಮತ್ತೆ ಹಾಕ್ಸಿ, ಸರಿಹೋಗುತ್ತೆ" ಅಂತ ಶುರು ಮಾಡಿದ್ದರು. ಕೆಂಪು ಸಾಲುಗಳ ಫೋಟೋ ತೋರಿಸಿದ ಮೇಲೆ ಮಾತಾಡಲಿಲ್ಲ.

ಆದರೆ ನೀಲಿ ಪರದೆಗಿಂತ ಕೆಟ್ಟದ್ದು ಆಮೇಲೆ ಗೊತ್ತಾಯ್ತು. ನೀಲಿ ಪರದೆ ಬರೋದು ಆ ಬಿಟ್ ಕರ್ನಲ್‌ಗೆ ಮುಖ್ಯವಾದ ಜಾಗದಲ್ಲಿ ಬಿದ್ದರೆ. ಫೈಲ್ ಕಾಪಿ ಮಾಡುವಾಗ ಡೇಟಾ ಹಾದುಹೋಗೋದೂ ಅದೇ RAM ಮೂಲಕ, ಅಲ್ಲಿ ಒಂದು ಬಿಟ್ ತಿರುಗಿದರೆ ಯಾರೂ ಕೂಗಲ್ಲ. 214 ಫೋಟೋಗಳನ್ನ ಒಂದೊಂದಾಗಿ ತೆರೆದು ನೋಡಿದೆ. ಒಂಬತ್ತರಲ್ಲಿ ಮೇಲಿನ ಭಾಗ ಸರಿ ಇದೆ, ಒಂದು ಗೆರೆಯಿಂದ ಕೆಳಗೆ ಬಂಡೆ ನೇರಳೆಯೋ ಬೂದಿಯೋ ಆಗಿ ಪಕ್ಕಕ್ಕೆ ಜರುಗಿದೆ. ಜೆಪೆಗ್‌ನಲ್ಲಿ ಮುಂದಿನದು ಹಿಂದಿನದರ ಮೇಲೆ ನಿಂತಿರುತ್ತೆ, ಮಧ್ಯೆ ಒಂದು ಬಿಟ್ ತಪ್ಪಿದರೆ ಕೆಳಗಿನದೆಲ್ಲ ಹೋಗಬಹುದು. ಒಂಬತ್ತರಲ್ಲಿ ಆರು ಬಂಡೆಯ ಬಲ ಅಂಚಿನವು, ಮಾಡೆಲ್‌ನಲ್ಲಿ ಅಲ್ಲಿ ಈಗ ಒಂದು ತೂತು ಇದೆ.

ಕಾರ್ಡಿನಿಂದ ಹಳೇದನ್ನ ವಾಪಸ್ ತೆಗೆಯೋಕೆ ನೋಡಿದೆವು. ಅದರ ಮೇಲೆ ಬ್ರಹ್ಮಗಿರಿ ಕೂತಿದೆ. ದಸರಾ ರಜೆಗೆ ಮತ್ತೆ ಬೆಟ್ಟ ಹತ್ತುತ್ತಿದ್ದೇವೆ, ಈ ಸಲ ಎರಡು ಕಾರ್ಡ್ ತಗೊಂಡು. ಬರೋರು ಇದ್ದರೆ ಹೇಳಿ, ಬೆಳಗ್ಗೆ ಆರಕ್ಕೆ ಮೇಲಿರಬೇಕು.