ಏಳ್ನೂರು ದಿರ್ಹಮ್ ಊರು ಮುಟ್ಟುವಾಗ...

ದುಬೈ, ಶಾರ್ಜಾ ಅಂದ ಕೂಡಲೇ ಊರಲ್ಲಿ ಎಲ್ಲರೂ ಮಾಡೋ ಗುಣಾಕಾರ ಒಂದೇ. ಸಂಬಳ ಇಂತಿಷ್ಟು ದಿರ್ಹಮ್, ಅದನ್ನು ಇಪ್ಪತ್ತಮೂರರಿಂದ ಗುಣಿಸು. ಮುಗೀತು, ಹುಡುಗ ಶ್ರೀಮಂತ! ಹನ್ನೊಂದು ವರ್ಷದಿಂದ ಇಲ್ಲಿ ಅಕೌಂಟ್ಸ್ ಕೆಲಸ ಮಾಡಿಕೊಂಡಿರೋ ನನಗೆ ಈ ಗುಣಾಕಾರ ಕೇಳಿದರೆ ನಗು ಬರುತ್ತೆ. ಗುಣಿಸೋದಕ್ಕೆ ಮುಂಚೆ ಮಾಡಬೇಕಾದ ಕಳೆಯೋ ಲೆಕ್ಕ ಬಹಳ ಇದೆ ಮಾರಾಯ್ರೆ.

ಕುಂದಾಪುರ ಕಡೆಯ ಒಬ್ಬ ಹುಡುಗ, ಎಲೆಕ್ಟ್ರಿಷಿಯನ್ ಹೆಲ್ಪರ್, ರಜೆಯ ದಿನ ನಮ್ಮ ರೂಮಿಗೆ ಊಟಕ್ಕೆ ಬರ್ತಾನೆ. ಒಂದು ದಿನ ಸಂಬಳದ ಚೀಟಿ ತಂದು ಮುಂದಿಟ್ಟ. "ಅಮ್ಮ ಕೇಂತ್ರ್ ಅಣ್ಣಾ, ದುಡ್ಡೆಲ್ಲ ಎಲ್ಲಿಗೆ ಹೋತ್ತ್ ಅಂದ್ಹೇಳಿ" ಅಂದ. ಅವನ ಅನುಮತಿ ಪಡೆದು, ಅವನ ಲೆಕ್ಕವನ್ನೇ ಬರೀತಿದ್ದೇನೆ. ದರ ದಿನಾ ಬದಲಾಗುತ್ತಲ್ಲ, ಹಾಗಾಗಿ ಮಾರುಕಟ್ಟೆಯಲ್ಲಿ ದಿರ್ಹಮ್ಮಿಗೆ 23 ರೂಪಾಯಿ ಅಂತ ಇಟ್ಟುಕೊಂಡಿದ್ದೇನೆ.

ಸಂಬಳ 1,300 ದಿರ್ಹಮ್. ಅದರಲ್ಲಿ 250 ಕಡಿತ, ಎದುರಿಗೆ "ಅಡ್ವಾನ್ಸ್ ವಸೂಲಿ" ಅಂತ ಬರೆದಿತ್ತು. ಕೈಗೆ ಸಿಕ್ಕಿದ್ದು 1,050. ಕ್ಯಾಂಪಿನ ಮೆಸ್ಸು, ಫೋನು, ಸೋಪು ಅಂತ 350 ಹೋದರೆ ಉಳಿಯೋದು 700. ಮೊದಲು ಆ 250ರ ವಿಚಾರ ನೋಡೋಣ, ಯಾಕಂದ್ರೆ ನಿಜವಾದ ತೂತು ಇರೋದು ಅಲ್ಲೇ.

"ಯಾವ ಅಡ್ವಾನ್ಸೋ ಇದು? ಯಾವಾಗ ತಗೊಂಡಿದ್ದು?" ಅಂತ ಕೇಳಿದೆ. ಅವನಿಗೆ ಗೊತ್ತಿಲ್ಲ. ಬಂದ ವಾರದಲ್ಲೇ ಒಂದು ಕಟ್ಟು ಕಾಗದಕ್ಕೆ ಸಹಿ ಹಾಕಿಸಿಕೊಂಡಿದ್ದರಂತೆ. ವೀಸಾ, ಮೆಡಿಕಲ್, ಟಿಕೆಟ್ಟಿನ ಖರ್ಚು 2,500 ದಿರ್ಹಮ್, ತಿಂಗಳಿಗೆ 250ರಂತೆ ಹತ್ತು ತಿಂಗಳು ಅಂತ ಸೂಪರ್‌ವೈಸರ್ ಹೇಳಿದ್ದನಂತೆ. "ಕಂಪ್ನಿ ಖರ್ಚ್ ಮಾಡಿದ್ದಲ್ದಾ ಅಣ್ಣಾ, ಕೊಡ್ಕಲ್ದಾ?" ಅಂದ, ಪಾಪ.

ಕೊಡಬೇಕಿಲ್ಲ. ಯುಎಇಯ 2021ರ ಕಾರ್ಮಿಕ ಕಾನೂನಿನ 6ನೇ ವಿಧಿ ಇದನ್ನು ಸ್ಪಷ್ಟವಾಗಿ ಹೇಳುತ್ತೆ. ನೇಮಕಾತಿಯ ಖರ್ಚನ್ನು ಮಾಲೀಕ ಕೆಲಸಗಾರನಿಂದ ನೇರವಾಗಿಯೂ ವಸೂಲಿ ಮಾಡೋ ಹಾಗಿಲ್ಲ, ಸುತ್ತಿ ಬಳಸಿಯೂ ಮಾಡೋ ಹಾಗಿಲ್ಲ. ಆದರೆ ಸಾಲ ಅನ್ನೋದು ಬೇರೆ ವಿಷಯ. ಕೆಲಸಗಾರನಿಗೆ ಕೊಟ್ಟ ಸಾಲವನ್ನು ಅವನ ಲಿಖಿತ ಒಪ್ಪಿಗೆ ಇದ್ದರೆ, ಬಡ್ಡಿ ಇಲ್ಲದೆ, ಸಂಬಳದಲ್ಲಿ ಹಿಡಿದುಕೊಳ್ಳಬಹುದು. ಅದಕ್ಕೇ ವೀಸಾ ಖರ್ಚಿಗೆ "ಅಡ್ವಾನ್ಸ್" ಅಂತ ನಾಮಕರಣ! ಪತ್ತೆ ಹಚ್ಚೋದು ಸುಲಭ. ನಿಜವಾದ ಸಾಲವಾದರೆ ಹಣ ನಿಮ್ಮ ಕೈಗೋ ಖಾತೆಗೋ ಬಂದ ಒಂದು ದಿನಾಂಕ ಇರಬೇಕು. ಇವನಿಗೆ ಅಂಥ ದಿನವೇ ಇಲ್ಲ. ವಸೂಲಿ ಮಾತ್ರ ಇದೆ.

ಒಂದು ಲೆಕ್ಕದಲ್ಲಿ ಇವನ ಅದೃಷ್ಟ ಚೆನ್ನಾಗಿತ್ತು ಅನ್ನಬೇಕು. 2009ರಿಂದ ಇಲ್ಲಿ ಸಂಬಳವನ್ನು ಬ್ಯಾಂಕು, ಎಕ್ಸ್‌ಚೇಂಜ್‌ಗಳ ಮೂಲಕವೇ ಕೊಡೋ, ಸರ್ಕಾರದ ಕಣ್ಣಿಗೆ ಬೀಳೋ ವ್ಯವಸ್ಥೆ ಇದೆ. ಕೆಲವು ಕಡೆ ಕಾರ್ಡಿಗೆ ಪೂರ್ತಿ ಸಂಬಳ ಹಾಕಿ, ಸಂಜೆ ಕ್ಯಾಂಪಿನಲ್ಲಿ ನಗದು ವಾಪಸ್ ಇಸಿದುಕೊಳ್ತಾರೆ. ಆಗ ದಾಖಲೆಯಲ್ಲಿ ಎಲ್ಲ ಸರಿ ಇರುತ್ತೆ, ದೂರು ಕೊಟ್ಟರೆ ತೋರಿಸೋಕೆ ಏನೂ ಇರಲ್ಲ. ಇವನದ್ದು ಚೀಟಿಯಲ್ಲೇ ಕಡಿತ, ಅಂದರೆ ಸಾಕ್ಷಿ ಅವರೇ ಬರೆದು ಕೊಟ್ಟಿದ್ದಾರೆ.

ಇನ್ನೂ ಹೊಟ್ಟೆ ಉರಿಸೋ ವಿಷಯ ಅಂದ್ರೆ, ಇದೇ ಖರ್ಚಿನ ಹೆಸರಲ್ಲಿ ಊರಿನ ಏಜೆಂಟನಿಗೆ 90,000 ರೂಪಾಯಿ ಮೊದಲೇ ಕೊಟ್ಟಾಗಿತ್ತು. ನಮ್ಮ ದೇಶದ ನಿಯಮದ ಪ್ರಕಾರ ನೋಂದಾಯಿತ ಏಜೆಂಟ್ ತಗೊಳ್ಳಬಹುದಾದ ಗರಿಷ್ಠ 30,000 ರೂಪಾಯಿ ಮತ್ತು ಅದರ ಮೇಲೆ ಜಿಎಸ್‌ಟಿ. ಹದಿನೆಂಟು ಪರ್ಸೆಂಟಿನಂತೆ ಒಟ್ಟು 35,400. ರಸೀದಿ ಎಷ್ಟಕ್ಕೆ ಕೊಟ್ಟಿದ್ದರು ಗೊತ್ತಾ? ಸರಿಯಾಗಿ 35,400ಕ್ಕೆ :) ಉಳಿದದ್ದು ಕೈಯಿಂದ ಕೈಗೆ. ಆ 90,000 ಸಾಲ ತಂದದ್ದು, ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿ. ಅಂದರೆ ತಿಂಗಳಿಗೆ 2,700 ಬರೀ ಬಡ್ಡಿಗೇ ಹೋಗುತ್ತೆ.

ಈಗ ಉಳಿದ 700 ದಿರ್ಹಮ್ ಊರಿಗೆ ಹೋಗೋ ದಾರಿ. ಇವನು ಹೋಗ್ತಿದ್ದ ಎಕ್ಸ್‌ಚೇಂಜಿನಲ್ಲಿ ಶುಲ್ಕ 20 ದಿರ್ಹಮ್, ಅದರ ಮೇಲೆ ವ್ಯಾಟ್ 1. ಉಳಿದ 679ಕ್ಕೆ ಅವರು ಕೊಡೋ ದರ 22.80. ಊರಿನ ಖಾತೆಗೆ ಬಿದ್ದದ್ದು 15,481 ರೂಪಾಯಿ. ಮಾರುಕಟ್ಟೆ ದರದಲ್ಲಿ 700 ದಿರ್ಹಮ್ ಅಂದರೆ 16,100. ಹೋದದ್ದು 619. ಬೋರ್ಡಿನ ಮೇಲೆ ಕಾಣೋ ಶುಲ್ಕದ್ದು 483, ದರದೊಳಗೆ ಅಡಗಿ ಕೂತದ್ದು 136.

ಹಾಗಾದ್ರೆ "ಶುಲ್ಕವೇ ಇಲ್ಲ" ಅಂತ ಜಾಹೀರಾತು ಹಾಕೋ ಮೊಬೈಲ್ ಆ್ಯಪ್? ಅವನ ಫೋನಿನಲ್ಲೇ ಇದ್ದ ಒಂದನ್ನು ತೆರೆದು ನೋಡಿದೆವು. ದರ 22.40. "ಇದ್ ಕಡಿಮಿ ಅಲ್ದಾ ಅಣ್ಣಾ" ಅಂತ ಮುಖ ತಿರುಗಿಸಿದ. ದರ ಕಡಿಮೆಯೇ, ಆದರೆ 700ನ್ನೂ ಪೂರ್ತಿ ಗುಣಿಸಬಹುದಲ್ಲ! 15,680 ಬರುತ್ತೆ, 199 ರೂಪಾಯಿ ಜಾಸ್ತಿ. ಅದೇ ನಾನು 3,000 ಕಳಿಸುವಾಗ ಎಕ್ಸ್‌ಚೇಂಜಿನಲ್ಲಿ 67,921, ಆ್ಯಪಿನಲ್ಲಿ 67,200. ನನಗೆ ಎಕ್ಸ್‌ಚೇಂಜೇ ಲಾಭ. ಈ ಎರಡು ದರಗಳಿಗೆ ಗಡಿ ಸುಮಾರು 1,200 ದಿರ್ಹಮ್. ಅದಕ್ಕಿಂತ ಕಡಿಮೆ ಕಳಿಸೋನನ್ನು ಶುಲ್ಕ ತಿನ್ನುತ್ತೆ, ಜಾಸ್ತಿ ಕಳಿಸೋನನ್ನು ದರ ತಿನ್ನುತ್ತೆ. ಅದಕ್ಕೇ ನಾನು ಎಲ್ಲೂ "ರೇಟ್ ಎಷ್ಟು" ಅಂತ ಕೇಳಲ್ಲ. "ಇಷ್ಟು ದಿರ್ಹಮ್ ಕೊಟ್ಟರೆ ಊರಲ್ಲಿ ಎಷ್ಟು ರೂಪಾಯಿ ಬೀಳುತ್ತೆ" ಅಂತ ಕೇಳ್ತೀನಿ.

ಎರಡು ತಿಂಗಳಿಗೊಮ್ಮೆ ಕಳಿಸಿದರೆ ಎಕ್ಸ್‌ಚೇಂಜಿನ ಒಂದು ಶುಲ್ಕ ಉಳಿಯುತ್ತಲ್ಲ ಅಂತ ನಮ್ಮ ರೂಮಿನ ಇನ್ನೊಬ್ಬರು ಸಲಹೆ ಕೊಟ್ಟರು. ಕಾಗದದ ಮೇಲೆ ಚೆಂದ. 479 ರೂಪಾಯಿ ಉಳಿಯುತ್ತೆ. ಆದರೆ ನೂರಕ್ಕೆ ಮೂರರ ಸಾಲ ಇರೋ ಮನೆಗೆ 15,481 ಒಂದು ತಿಂಗಳು ತಡವಾದರೆ ಅದರ ಬಡ್ಡಿಯೇ 464! ಉಳಿದದ್ದು ಹದಿನೈದು ರೂಪಾಯಿ, ಒಂದು ಚಹಾಕ್ಕೆ ಸಾಕು. ಜೊತೆಗೆ ಆ ತಿಂಗಳು ಅಮ್ಮ ಜೀನಸಿನ ಅಂಗಡಿಯವನ ಮುಂದೆ ನಿಲ್ಲಬೇಕು.

ಡಾಲರ್ ಏರಿದಾಗ ಇಲ್ಲಿ ಕ್ಯಾಂಪುಗಳಲ್ಲಿ ಖುಷಿ. ದಿರ್ಹಮ್ಮನ್ನು 1997ರಿಂದ ಡಾಲರಿಗೆ 3.6725ರಂತೆ ಕಟ್ಟಿ ಹಾಕಿದ್ದಾರೆ, ಹಾಗಾಗಿ ಡಾಲರ್ ಎದುರು ರೂಪಾಯಿ ಬಿದ್ದಷ್ಟೂ ನಮಗೆ ಜಾಸ್ತಿ. ದರ ಒಂದು ರೂಪಾಯಿ ಏರಿದರೆ ಇವನಿಗೆ ಹೆಚ್ಚುಕಮ್ಮಿ 700 ಸಿಗುತ್ತೆ. ಆ ಕಡಿತ ನಿಂತರೆ? 250 ದಿರ್ಹಮ್, ಅಂದರೆ 5,750 ರೂಪಾಯಿ. ಹುಡುಗರು ದಿನಾ ಫೋನಿನಲ್ಲಿ ರೇಟ್ ನೋಡ್ತಾರೆ, ಚೀಟಿ ನೋಡಲ್ಲ.

ಅವನು ಒಂದು ವಾರ ಹೆದರಿದ. ಕೆಲಸ ಹೋದರೆ? ಈ ಹೆದರಿಕೆ ಸುಳ್ಳು ಅಂತ ನಾನು ಹೇಳಲಿಲ್ಲ, 90,000 ಸಾಲ ಇರೋದು ನನ್ನ ತಲೆಯ ಮೇಲಲ್ಲವಲ್ಲ. ಆರು ತಿಂಗಳ ಚೀಟಿಗಳ ಫೋಟೋ ತೆಗೆದುಕೊಂಡು ಮೊದಲು ಕಂಪನಿಯ ಅಕೌಂಟ್ಸಿಗೆ ಹೋಗಿ, "ಈ ಅಡ್ವಾನ್ಸ್ ನನಗೆ ಯಾವ ದಿನ ಕೊಟ್ಟಿರಿ, ಕಾಗದ ತೋರಿಸಿ" ಅಂತಷ್ಟೇ ಕೇಳಿದ. ಜಗಳ ಇಲ್ಲ, ಕಾನೂನಿನ ಮಾತಿಲ್ಲ. ಕಾಗದ ಬರಲಿಲ್ಲ. ಕಾರ್ಮಿಕ ಸಚಿವಾಲಯಕ್ಕೆ ದೂರು ಕೊಡಬೇಕಾಗಬಹುದು ಅಂತ ಫಾರ್ಮ್ ತುಂಬಿಸಿ ಇಟ್ಟಿದ್ದೆವು. ಅಷ್ಟರಲ್ಲಿ ಏಳನೇ ತಿಂಗಳ ಚೀಟಿ ಬಂತು, ಆ ಸಾಲೇ ಇಲ್ಲ.

ಹಿಂದಿನ 1,500 ದಿರ್ಹಮ್ ಇನ್ನೂ ವಾಪಸ್ ಬಂದಿಲ್ಲ. ಕೇಳಬೇಕೋ ಬೇಡವೋ ಅಂತ ಅವನೇ ಯೋಚಿಸ್ತಿದ್ದಾನೆ. ಆ ತಿಂಗಳು ಅವನು ಕಳಿಸಿದ್ದು 950. ಗಡಿಗಿಂತ ಕೆಳಗೇ ಇರೋದರಿಂದ ಆ್ಯಪಿನಲ್ಲೇ ಹಾಕಿದ, ಊರಲ್ಲಿ 21,280 ಬಿತ್ತು. ಎಕ್ಸ್‌ಚೇಂಜಿನಲ್ಲಾಗಿದ್ದರೆ 99 ರೂಪಾಯಿ ಕಡಿಮೆ ಬರ್ತಿತ್ತು. ಆ ಲೆಕ್ಕ ಈ ಸಲ ಅವನೇ ಮಾಡಿದ.