ಓನರ್ ಮನೆ ಮಾರ್ತಾರಂತೆ, ಮೊದಲು ನಮ್ಮನ್ನೇ ಕೇಳಿದಾರೆ

ಈ ವಾರ ಆಸ್ಪತ್ರೆ ಕಥೆ ಇಲ್ಲ, ಮನೆ ಕಥೆ. ಲೆಸ್ಟರ್‌ನಲ್ಲಿ ನಾವು ಆರು ವರ್ಷದಿಂದ ಬಾಡಿಗೆಗಿರುವ ಫ್ಲಾಟನ್ನು ಓನರ್ ಮಾರುತ್ತಾರಂತೆ. "ಏಜೆಂಟ್ ಹತ್ತಿರ ಹೋಗೋ ಮುಂಚೆ ನಿಮ್ಮನ್ನೇ ಕೇಳ್ತಿದೀನಿ, 1,80,000 ಪೌಂಡ್, ಏನಂತೀರಿ?" ಅಂತ ಇಮೇಲ್ ಬಂತು.

ಫೋನಲ್ಲಿ ಅಪ್ಪಾಜಿ ಹೇಳಿದ್ದು, "ಬಿಡಬೇಡ ಕಣಮ್ಮ, ಒಂದಷ್ಟು ಅಡ್ವಾನ್ಸ್ ಕೊಟ್ಟು ಅಗ್ರಿಮೆಂಟ್ ಮಾಡಿಸ್ಕೊ." ಇಲ್ಲಿ ಹಾಗಿಲ್ಲ ಅಪ್ಪಾಜಿ. ಇಂಗ್ಲೆಂಡಿನಲ್ಲಿ ಎರಡೂ ಕಡೆಯ ಸಾಲಿಸಿಟರ್‌ಗಳು ಕಾಂಟ್ರಾಕ್ಟ್ ಎಕ್ಸ್‌ಚೇಂಜ್ ಮಾಡುವವರೆಗೆ ಬಾಯಿಮಾತಿಗೆ ಯಾರೂ ಬದ್ಧರಲ್ಲ. ನಾನು ಹೂಂ ಅಂದರೂ ಅವರು ಬೇರೆಯವರಿಗೆ ಮಾರಬಹುದು, ನಾನೂ ಹಿಂದೆ ಸರಿಯಬಹುದು. ಹಾಗಾಗಿ ಮೊದಲ ಉತ್ತರದಲ್ಲಿ ರೇಟ್ ಮಾತಾಡುವ ಅವಸರವೇ ಇಲ್ಲ.

ಉತ್ತರ ಬರೆಯುವ ಮೊದಲು ಲ್ಯಾಂಡ್ ರಿಜಿಸ್ಟ್ರಿ ವೆಬ್‌ಸೈಟ್ ನೋಡಿದೆ. ಯಾವ ಮನೆ ಎಷ್ಟಕ್ಕೆ ಮಾರಾಟವಾಯಿತು ಅಂತ ಅಲ್ಲಿ ಪುಕ್ಕಟೆ ಸಿಗುತ್ತದೆ. (ನಮ್ಮೂರಲ್ಲಿ ನಿಜವಾದ ರೇಟ್ ದೇವರಿಗೇ ಗೊತ್ತು!) ನಮ್ಮದೇ ಬಿಲ್ಡಿಂಗಿನ ಕೆಳಗಿನ ಫ್ಲಾಟ್, ಇಷ್ಟೇ ಅಳತೆ, ಎರಡು ವರ್ಷದ ಹಿಂದೆ 1,68,000ಕ್ಕೆ ಹೋಗಿದೆ. ಜೊತೆಗೆ ನಮಗೆ ಮಾರಿದರೆ ಓನರ್‌ಗೆ ಏಜೆಂಟ್ ಕಮಿಷನ್ ಉಳಿಯುತ್ತದೆ, ಮನೆ ಖಾಲಿ ಬಿದ್ದು ಬಾಡಿಗೆ ತಪ್ಪುವುದೂ ಇಲ್ಲ. ಇದು ಅವರ ಉಪಕಾರ ಮಾತ್ರವಲ್ಲ, ಅವರಿಗೂ ಲಾಭವೇ.

ಕೊನೆಗೆ ಬರೆದದ್ದು ಇಷ್ಟು: "ಕೇಳಿದ್ದಕ್ಕೆ ಥ್ಯಾಂಕ್ಸ್, ನಮಗೆ ಆಸಕ್ತಿ ಇದೆ, ಎಲ್ಲವೂ ಸಬ್ಜೆಕ್ಟ್ ಟು ಕಾಂಟ್ರಾಕ್ಟ್. ಲೀಸ್ ಎಷ್ಟು ವರ್ಷ ಉಳಿದಿದೆ? ವರ್ಷದ ಸರ್ವಿಸ್ ಚಾರ್ಜ್, ಗ್ರೌಂಡ್ ರೆಂಟ್ ಎಷ್ಟು? ದೊಡ್ಡ ರಿಪೇರಿ ಏನಾದರೂ ಬರುವುದಿದೆಯೇ?" ನಮ್ಮ ಕೈಲಿ ಎಷ್ಟಿದೆ ಅಂತಾಗಲಿ, ಮಗಳ ಸ್ಕೂಲ್ ಪಕ್ಕದಲ್ಲೇ ಇರೋದರಿಂದ ಇದೇ ಮನೆ ಬೇಕು ಅಂತಾಗಲಿ ಒಂದಕ್ಷರ ಬರೆಯಲಿಲ್ಲ. ನಮ್ಮೆಜಮಾನರಿಗೆ ಇದು ಬಿಗುಮಾನ ಅನ್ನಿಸಿತು. ಅನ್ನಿಸಲಿ.

ಲೀಸ್ ಕೇಳಿದ್ದಕ್ಕೆ ಕಾರಣವಿದೆ. ಇಲ್ಲಿ ಫ್ಲಾಟ್ ಕೊಂಡರೆ ಸಾಮಾನ್ಯವಾಗಿ ಸಿಗುವುದು ಇಷ್ಟು ವರ್ಷ ಅನ್ನುವ ಹಕ್ಕು. ನೆಲ, ಬಿಲ್ಡಿಂಗ್ ಫ್ರೀಹೋಲ್ಡರ್ ಅನ್ನುವ ಬೇರೆಯವರದ್ದು. ಉಳಿದಿರುವುದು 80 ವರ್ಷಕ್ಕಿಂತ ಕೆಳಗಿಳಿದರೆ ಅದನ್ನು ಮತ್ತೆ ಉದ್ದ ಮಾಡಿಸಿಕೊಳ್ಳುವ ಖರ್ಚು ಜೋರಾಗಿ ಏರುತ್ತದೆ. ಇನ್ನೂ ಕಡಿಮೆಯಾದರೆ ಕೆಲವು ಬ್ಯಾಂಕುಗಳು ಸಾಲವನ್ನೇ ಕೊಡುವುದಿಲ್ಲ. ಒಳಗಿನ ಗೋಡೆಗೆ ಎಲ್ಲಿ ತೇವ ಬರುತ್ತೆ, ಬಾಯ್ಲರ್ ಯಾವಾಗ ಕೈಕೊಡುತ್ತೆ ಅನ್ನೋದು ಆರು ವರ್ಷ ಇದ್ದ ನನಗೆ ಗೊತ್ತು. ಲೀಸ್ ಮಾತ್ರ ಮನೆಯೊಳಗೆ ಕೂತು ನೋಡಿದರೆ ಕಾಣುವಂಥದ್ದಲ್ಲ.

ನಾಲ್ಕು ದಿನಕ್ಕೆ ಉತ್ತರ ಬಂತು. ಉಳಿದಿರುವುದು 76 ವರ್ಷ! ಓನರ್ ಅದನ್ನು ಲೆಕ್ಕಕ್ಕೇ ತಗೊಂಡಿರಲಿಲ್ಲ. "ನೀವೇ ಲೀಸ್ ಉದ್ದ ಮಾಡಿಸಿ ಕೊಡಿ, ಇಲ್ಲಾ ಆ ಖರ್ಚನ್ನು ರೇಟಲ್ಲಿ ಕಳೀರಿ" ಅಂತ ಕೇಳಿದೀವಿ. ಅವರು ಫ್ರೀಹೋಲ್ಡರ್ ಹತ್ತಿರ ವಿಚಾರಿಸುತ್ತಿದ್ದಾರೆ, ನಾವು ಸರ್ವೇಯರ್ ಹುಡುಕುತ್ತಿದ್ದೇವೆ. ಅಮ್ಮ, ಗೃಹಪ್ರವೇಶಕ್ಕೆ ಈಗಲೇ ಮುಹೂರ್ತ ಕೇಳಿಸಬೇಡ.