ವಂಶವೋ, ಹೊದಿಕೆಯೋ

ಪ್ರೋಗ್ರಾಂ ಬರೆಯಲು ಕೂತಾಗ ನನ್ನ ಮನಸ್ಸು ಮೊದಲು ಹುಡುಕುವುದು ವಂಶವೃಕ್ಷವನ್ನು. ಇದು ಯಾವುದರ ಬಗೆ, ಇದರ ಮೂಲ ಕ್ಲಾಸ್ ಯಾವುದು, ಇದರಿಂದ ಏನೇನು ಕವಲೊಡೆಯುತ್ತದೆ ಎಂದು. ಯಾಕೆ ಹೀಗೆ ಎಂದು ಕೇಳಿಕೊಂಡರೆ ಸಿಗುವ ಉತ್ತರ ಇಷ್ಟೇ: ಪ್ರತಿಯೊಂದಕ್ಕೂ ಒಂದು ಹೆಸರಿಟ್ಟು ಒಂದು ಜಾಗ ತೋರಿಸಿದರೆ ನನಗೆ ನೆಮ್ಮದಿ. ಆ ನೆಮ್ಮದಿಗೂ ಕೆಲಸದ ಅಗತ್ಯಕ್ಕೂ ಸಂಬಂಧವಿದೆಯೇ ಎಂದು ನಾನು ಗಂಭೀರವಾಗಿ ಯೋಚಿಸಿದ್ದು ಜೋಯಿಡಾ ತಾಲ್ಲೂಕಿನ ಗಣೇಶಗುಡಿ ಕಡೆಯ ಒಂದು ಹೋಂಸ್ಟೇಗೆ ಬುಕಿಂಗ್ ಲೆಕ್ಕ ಬರೆಯುವಾಗ.

ಅಲ್ಲಿ ರೂಮಿನ ಜೊತೆಗೆ ನಾಲ್ಕು ಸೇರ್ಪಡೆಗಳಿದ್ದವು: ಊಟ, ಕಾಳಿ ನದಿಯ ರಾಫ್ಟಿಂಗ್, ದಾಂಡೇಲಿ ಕಡೆಯ ಕಾಡಿನ ಸಫಾರಿ, ಮುಂಡಗೋಡದ ಟಿಬೆಟನ್ ವಸಾಹತಿಗೆ ಹೋಗಿಬರಲು ಕಾರು. ಬಂದವರು ಯಾವುದನ್ನಾದರೂ ಬೇಕೆನ್ನಬಹುದು, ಬೇಡವೆನ್ನಬಹುದು. ನನ್ನ ಅಭ್ಯಾಸದಂತೆ ಊಟವಿರುವ ರೂಮು, ಊಟ ಮತ್ತು ರಾಫ್ಟಿಂಗ್ ಇರುವ ರೂಮು ಎಂದು ಸಬ್‌ಕ್ಲಾಸ್ ಮಾಡುತ್ತ ಹೋದರೆ 16 ಬಗೆ. ಐದನೆಯ ಸೇರ್ಪಡೆ ಬಂದ ದಿನ 32. ಊಟದ ದರ ಏರಿದರೆ ಅರ್ಧದಷ್ಟು ಕ್ಲಾಸ್‌ಗಳನ್ನು ತೆರೆದು ನೋಡಬೇಕು.

1994ರಲ್ಲಿ ಗಾಮಾ, ಹೆಲ್ಮ್, ಜಾನ್ಸನ್, ವ್ಲಿಸೈಡ್ಸ್ ಎಂಬ ನಾಲ್ವರು ತಮ್ಮ ಪುಸ್ತಕದಲ್ಲಿ ಇದಕ್ಕೆ ಡೆಕೊರೇಟರ್ ಎಂಬ ದಾರಿ ವಿವರಿಸಿದ್ದಾರೆ. ಸೇರ್ಪಡೆಯೇ ಒಂದು ಸಣ್ಣ ಆಬ್ಜೆಕ್ಟ್. ಅದು ಒಳಗೆ ಇನ್ನೊಂದನ್ನು ಇಟ್ಟುಕೊಂಡಿರುತ್ತದೆ. ಹೊರಗಿನಿಂದ ಮಾತ್ರ ರೂಮಿನಂತೆಯೇ ಉತ್ತರಿಸುತ್ತದೆ.

```python
class Rafting:
    def __init__(self, inner):
        self.inner = inner
    def price(self):
        return self.inner.price() + 1500
```

ನಾಲ್ಕು ಸೇರ್ಪಡೆಗೆ ನಾಲ್ಕೇ ಕ್ಲಾಸ್. ಯಾವುದರ ಮೇಲೆ ಯಾವುದನ್ನು ಹೊದಿಸಬೇಕೆಂಬುದು ಪ್ರೋಗ್ರಾಂ ಓಡುವಾಗ ತೀರ್ಮಾನವಾಗುತ್ತದೆ. ಇದರಿಂದ ನನಗಾದ ಸಂತೋಷ ದೊಡ್ಡದು. ಆದರೆ ಹೊದಿಕೆಗೆ ಮನಸೋತ ಮೇಲೆ ವಂಶದ ಮೇಲಿದ್ದ ಅದೇ ಕುರುಡು ವಿಶ್ವಾಸವನ್ನು ಇದರ ಮೇಲೆ ಇಡುತ್ತಿದ್ದೇನೆಯೇ ಎಂದೂ ನೋಡಿಕೊಳ್ಳಬೇಕಾಯಿತು.

ಹಾಗೆ ನೋಡಿದಾಗ ಕಂಡ ತೊಡಕುಗಳಲ್ಲಿ ಮೊದಲನೆಯದು ಕ್ರಮದ ಪ್ರಶ್ನೆ. ಲೆಕ್ಕಕ್ಕೆ ರೂಮು 2000, ರಾಫ್ಟಿಂಗ್ 1500, ರಿಯಾಯಿತಿ ಶೇಕಡಾ 10 ಎಂದಿಟ್ಟುಕೊಳ್ಳಿ. `Discount(Rafting(Room()))` ಎಂದರೆ 3150 ರೂಪಾಯಿ. `Rafting(Discount(Room()))` ಎಂದರೆ 3300. ಎರಡೂ ತಕರಾರಿಲ್ಲದೆ ಓಡುತ್ತವೆ. ರಿಯಾಯಿತಿ ರೂಮಿಗೆ ಮಾತ್ರವೋ ಒಟ್ಟು ಮೊತ್ತಕ್ಕೋ ಎಂಬುದನ್ನು ಹೇಳಬೇಕಾದವರು ಮಾಲೀಕರು. ಅವರನ್ನು ಕೇಳದೆ ಹೊದಿಸಿದರೆ ಅವರ ವ್ಯಾಪಾರದ ನಿಯಮವನ್ನು ನಾನು ನಿರ್ಧರಿಸಿದಂತೆ.

ಎರಡನೆಯದು ಇನ್ನೂ ಸೂಕ್ಷ್ಮ, ನನ್ನನ್ನು ಹೆಚ್ಚು ಹೊತ್ತು ಹಿಡಿದು ನಿಲ್ಲಿಸಿದ್ದೂ ಇದೇ. ರೂಮಿನೊಳಗೆ `bill()` ಇದೆ, ಅದು `self.price()` ಕರೆಯುತ್ತದೆ. ಹೊದಿಕೆ `bill()` ಕರೆಯನ್ನು ಹಾಗೆಯೇ ಒಳಗೆ ದಾಟಿಸಿದರೆ ಅಲ್ಲಿನ `self` ಬರಿಯ ರೂಮು. ತನ್ನ ಮೇಲೆ ಹೊದಿಕೆಯಿದೆ ಎಂಬುದೇ ಅದಕ್ಕೆ ಗೊತ್ತಿಲ್ಲ. ಪರದೆಯ ಮೇಲೆ 3500, ಅಚ್ಚಾದ ಬಿಲ್ಲಿನಲ್ಲಿ 2000. ಎರಡು ಮೊತ್ತ ಬೇರೆಯಾದರೆ ನೋಡಬೇಕಾದ ಜಾಗ ಇದು. ಸಬ್‌ಕ್ಲಾಸ್‌ನಲ್ಲಿ ಈ ತೊಡಕಿಲ್ಲ, ಅಲ್ಲಿ `self` ಇಡೀ ಆಬ್ಜೆಕ್ಟೇ. ಪರಿಹಾರವಾಗಿ ಬಿಲ್ ಬರೆಯುವ ಕೆಲಸವನ್ನು ರೂಮಿನಿಂದ ಹೊರತೆಗೆದು, ಎಲ್ಲಕ್ಕಿಂತ ಹೊರಗಿನ ಹೊದಿಕೆಯನ್ನು ದರ ಕೇಳುವ ಪ್ರತ್ಯೇಕ ಫಂಕ್ಷನ್‌ಗೆ ಕೊಡಬೇಕು.

ಮೂರನೆಯದನ್ನು ಕಲಿಸಿದ್ದು ಕಾಳಿ ನದಿ. ಗಣೇಶಗುಡಿಯ ರಾಫ್ಟಿಂಗ್ ನಿಂತಿರುವುದು ಸೂಪಾ ಅಣೆಕಟ್ಟಿನಿಂದ ಬಿಡುವ ನೀರಿನ ಮೇಲೆ. "ನೀರು ಬಿಟ್ಟಿಲ್ರೀ, ಇವತ್ತ ರಾಫ್ಟಿಂಗ್ ತಗೀರಿ" ಎಂದು ಮಾಲೀಕರು ಹೇಳಿದರೆ ತೆಗೆಯುವುದು ಹೇಗೆ? ಅದು ಸಫಾರಿಗೂ ಊಟಕ್ಕೂ ನಡುವೆ ಸಿಕ್ಕಿಕೊಂಡಿದೆ. ಹೊದಿಸುವುದು ಸುಲಭ, ನಡುವಿನದೊಂದನ್ನು ಎಳೆದು ತೆಗೆಯಲು ಈ ವಿನ್ಯಾಸದಲ್ಲಿ ನೇರ ದಾರಿಯಿಲ್ಲ. ಹಾಗಾಗಿ ಬಂದವರು ಆರಿಸಿದ್ದನ್ನು ಬರಿಯ ಪಟ್ಟಿಯಾಗಿ ಉಳಿಸಿ, ಬೇಕಾದಾಗಲೆಲ್ಲ ಆ ಪಟ್ಟಿಯಿಂದ ಹೊದಿಕೆಗಳನ್ನು ಹೊಸದಾಗಿ ಕಟ್ಟುವುದು ಸರಿ. ಪಟ್ಟಿಯಲ್ಲಿ ರಾಫ್ಟಿಂಗ್ ಅಳಿಸಿದರೆ ಮುಂದಿನ ಸಲ ಅದಿಲ್ಲದೆ ಕಟ್ಟಿಕೊಳ್ಳುತ್ತದೆ.

ಪಟ್ಟಿ ಬಂದ ಮೇಲೆ ಹೊದಿಕೆಯೇ ಯಾಕೆ, ಮೊತ್ತ ಕೂಡಿದರೆ ಸಾಲದೇ? ಬರಿಯ ದರಕ್ಕೆ ಸಾಕು, ಅದನ್ನು ಒಪ್ಪಿಕೊಳ್ಳಲು ನನಗೆ ಮನಸ್ಸಿಲ್ಲದಿದ್ದರೂ. ಬುಕಿಂಗ್ ರದ್ದಾದಾಗ ಮಾತ್ರ ಲೆಕ್ಕ ಬದಲಾಗುತ್ತದೆ. ನೀರಿಲ್ಲವೆಂದು ರದ್ದಾದರೆ ರಾಫ್ಟಿಂಗ್ ಹೊದಿಕೆ ತನ್ನ ಪಾಲನ್ನು ಪೂರ್ತಿ ಮರಳಿಸಿ ಉಳಿದದ್ದನ್ನು ಒಳಗಿನದಕ್ಕೆ ಬಿಡುತ್ತದೆ. ಊಟಕ್ಕೆ ಅದರದೇ ನಿಯಮ. ಸೇರ್ಪಡೆಯೊಂದು ಸಂಖ್ಯೆಯನ್ನಷ್ಟೇ ಅಲ್ಲ, ನಡವಳಿಕೆಯನ್ನೂ ತಂದಾಗ ಹೊದಿಕೆಗೆ ತಕ್ಕ ಕೆಲಸ ಸಿಗುತ್ತದೆ.

ವಂಶವನ್ನು ನಾನು ಪೂರ್ತಿ ಬಿಟ್ಟಿಲ್ಲ. ಡಬಲ್ ರೂಮು, ಡಾರ್ಮಿಟರಿ, ಟೆಂಟ್ ಈಗಲೂ ಸಬ್‌ಕ್ಲಾಸ್‌ಗಳೇ. ಒಂದೇ ಹಾಸಿಗೆ ಟೆಂಟಿನಲ್ಲೂ ಡಾರ್ಮಿಟರಿಯಲ್ಲೂ ಇರಲಾರದು, ಆದ್ದರಿಂದ ಅವು ಒಂದರೊಡನೊಂದು ಬೆರೆತು ಸಂಖ್ಯೆ ಹಿಗ್ಗುವ ಭಯವಿಲ್ಲ. ಈಗ ಹೊಸದೊಂದು ಬೇಡಿಕೆ ಬಂದರೆ ಅದಕ್ಕೆ ಹೆಸರಿಡುವ ಮೊದಲು ಇದು ಉಳಿದವುಗಳ ಜೊತೆ ಕೂಡಿಬರುತ್ತದೆಯೇ ಎಂದು ಮಾಲೀಕರನ್ನು ಕೇಳುತ್ತೇನೆ.